ಐದು ಸೆಕೆಂಡಿನ ಮೌನಕ್ಕೆ ಒಂದು ಸಾಲು

ನಮಸ್ಕಾರ. ಈಗ ಸ್ಕ್ರೀನ್ ಮೇಲೆ ನಡೆಯುತ್ತಿರುವುದು ಗೆಳೆಯನೊಬ್ಬನ ಕಿರುಚಿತ್ರದ ದೃಶ್ಯ. ಕಣ್ಣು ಮುಚ್ಚಿಕೊಂಡು ಬರೀ ಶಬ್ದ ಕೇಳಿ.

ಮೆಟ್ಟಿಲ ಮೇಲೆ ಹೆಜ್ಜೆ, ಬಳೆ ಸದ್ದು. ಒಬ್ಬ ಹುಡುಗ ಫೋನಿನಲ್ಲಿ, "ಆಂಟಿ, ಆಫೀಸಲ್ಲೇ ಇದೀನಿ, ರಾತ್ರಿ ಲೇಟಾಗುತ್ತೆ" ಅನ್ನುತ್ತಾನೆ. ಒಬ್ಬ ಹೆಂಗಸು, "ಹೌದೇನಪ್ಪಾ, ಪಾಪ" ಅನ್ನುತ್ತಾರೆ. ಐದು ಸೆಕೆಂಡು ಏನೂ ಇಲ್ಲ. ಆಮೇಲೆ ಅದೇ ಹೆಂಗಸು, "ಹೊತ್ತಿಗೆ ಸರಿಯಾಗಿ ಊಟ ಮಾಡು" ಎಂದು ಫೋನ್ ಇಡುತ್ತಾರೆ. ಇನ್ನೊಂದು ಏಳು ಸೆಕೆಂಡು ಮಾತಿಲ್ಲ. ಮತ್ತೆ ಹೆಜ್ಜೆ, ಬಳೆ.

ಕೇಳಿದವರಿಗೆ ಇದು ಒಳ್ಳೆಯ ಆಂಟಿಯ ಕಥೆ, ಅಲ್ವಾ? ನೋಡಿದವರು ಮಾತ್ರ ಬಿದ್ದು ಬಿದ್ದು ನಗುತ್ತಾರೆ. ಯಾಕೆಂದರೆ ಮಂಜು ಆಫೀಸಿನಲ್ಲಿಲ್ಲ, ಬಾಗಿಲ ಒಳಗೇ ಇದ್ದಾನೆ. ಬಾಡಿಗೆ ಕೇಳಲು ಬಂದ ಮನೆ ಓನರ್ ಗಿರಿಜಮ್ಮ ಬಾಗಿಲ ಮುಂದೆ ಅವನ ಚಪ್ಪಲಿ ನೋಡುತ್ತಾರೆ. ಒಂದು ಮಾತೂ ಆಡದೆ ಒಂದು ಚಪ್ಪಲಿಯನ್ನು ಮಾತ್ರ ಚೀಲಕ್ಕೆ ಹಾಕಿಕೊಂಡು ಹೋಗುತ್ತಾರೆ.

ಕಣ್ಣು ಕಾಣದವರೂ ಇದೇ ಜಾಗದಲ್ಲಿ ನಗಬೇಕು. ಅದಕ್ಕೆ ಬರೆಯುವ ಸಾಲುಗಳೇ ಆಡಿಯೋ ಡಿಸ್ಕ್ರಿಪ್ಷನ್. ನಾವು ಎಡಿ ಅನ್ನುತ್ತೇವೆ. ಮಾತು ಮಾತಿನ ನಡುವೆ ಸಿಗುವ ಖಾಲಿ ಜಾಗದಲ್ಲಿ ಇನ್ನೊಂದು ದನಿ ಬಂದು ಕಾಣುವುದನ್ನು ಹೇಳಿ ಹೋಗುತ್ತದೆ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯಲ್ಲಿ ಇದರ ಪ್ರಸ್ತಾಪವಿದೆ. ಥಿಯೇಟರಿನಲ್ಲಿ ತೋರಿಸುವ ಕಥಾಚಿತ್ರಗಳಿಗೆ ಕೇಂದ್ರ ಸರ್ಕಾರ 2024ರಲ್ಲಿ ಮಾರ್ಗಸೂಚಿಯನ್ನೂ ತಂದಿದೆ. ನಮ್ಮಂಥವರ ಕಿರುಚಿತ್ರ ಆ ಲೆಕ್ಕಕ್ಕೆ ಬರುವುದಿಲ್ಲ. ಅದನ್ನು ನಾವೇ ಮಾಡಿಕೊಳ್ಳಬೇಕು.

ಸರಿ, ಆ ಐದು ಸೆಕೆಂಡಿಗೆ ಬರೋಣ. ಯಾರಿಗಾದರೂ ಮೊದಲು ಹೊಳೆಯುವ ಸಾಲು ಇದು: "ಮಂಜು ಸುಳ್ಳು ಹೇಳುತ್ತಿದ್ದಾನೆ ಎಂದು ಗಿರಿಜಮ್ಮನಿಗೆ ಗೊತ್ತಾಗುತ್ತದೆ." ಕಥೆ ಅರ್ಥವಾಯಿತು, ನಿಜ. ಆದರೆ ನಗು ಸತ್ತುಹೋಯಿತು. ಕಣ್ಣಿರುವವರಿಗೆ ಸಿನಿಮಾ ಹಾಗೆ ಬಿಡಿಸಿ ಹೇಳುವುದಿಲ್ಲ. ಚಪ್ಪಲಿ ತೋರಿಸಿ ಸುಮ್ಮನಾಗುತ್ತದೆ, ಲೆಕ್ಕ ನೋಡುಗರೇ ಹಾಕಿಕೊಳ್ಳುತ್ತಾರೆ. ಕೇಳುಗರಿಗೂ ಕೊಡಬೇಕಾದದ್ದು ಚಪ್ಪಲಿ, ಉತ್ತರವಲ್ಲ.

ಆದರೆ ಯಾರ ಚಪ್ಪಲಿ? ಇಲ್ಲೇ ನಿಜವಾದ ಕಷ್ಟ. "ಮಂಜುವಿನ ಚಪ್ಪಲಿ" ಅಂದರೆ ಮತ್ತೆ ಉತ್ತರವನ್ನೇ ಹೇಳಿದ ಹಾಗೆ. ಸಿನಿಮಾದಲ್ಲಿ ಅದು ಹೇಗೆ ತಿಳಿಯುತ್ತದೆ? ಶುರುವಿನ ದೃಶ್ಯಕ್ಕೆ ವಾಪಸ್ ಹೋದರೆ ಸಿಗುತ್ತದೆ. ಬಸ್ ಸ್ಟಾಪಿನಲ್ಲಿ ಮಂಜುವಿನ ಹವಾಯಿ ಚಪ್ಪಲಿಯ ಬಾರು ಕಿತ್ತುಹೋಗುತ್ತದೆ, ಅವನು ಅದಕ್ಕೆ ಪಿನ್ನು ಚುಚ್ಚಿಕೊಳ್ಳುತ್ತಾನೆ. ಆ ಹೊತ್ತಿಗೆ ಅದು ಸುಮ್ನೆ ಬಡತನದ ಗುರುತು ಅನ್ನಿಸುತ್ತದೆ. ಎಡಿ ಬರೆಯುವವರು ಬಸ್ಸು, ಮಳೆ, ಜನ ಎಲ್ಲ ಹೇಳಿ ಇದನ್ನು ಬಿಟ್ಟರೆ ಮುಂದಿನ ತಮಾಷೆ ಕೂಡುವುದೇ ಇಲ್ಲ. ಅದಕ್ಕೇ ಪೂರ್ತಿ ಸಿನಿಮಾ ನೋಡದೆ ಮೊದಲ ಸಾಲನ್ನೂ ಬರೆಯಬಾರದು. ಬಸ್ ಸ್ಟಾಪಿನಲ್ಲಿ ಜಾಗ ಧಾರಾಳವಾಗಿತ್ತು. ಹೀಗೆ ಹಾಕಿದೆ: "ಕಿತ್ತ ಬಾರಿಗೆ ಪಿನ್ನು ಚುಚ್ಚಿ, ಮಂಜು ಚಪ್ಪಲಿ ಮೆಟ್ಟುತ್ತಾನೆ."

ಈಗ ಅಳತೆ. ಇಂಗ್ಲಿಷಿನವರು ಪದ ಎಣಿಸುತ್ತಾರೆ. ಕನ್ನಡದಲ್ಲಿ ಅದು ನಡೆಯುವುದಿಲ್ಲ, "ಹಾಕಿಕೊಳ್ಳುತ್ತಾರೆ" ಎಂಬ ಒಂದೇ ಪದ ಒಂದು ಸೆಕೆಂಡು ತಿನ್ನುತ್ತದೆ. ನಾನು ಅಕ್ಷರ ಎಣಿಸುತ್ತೇನೆ. ನನ್ನ ಓದಿಗೆ ಸೆಕೆಂಡಿಗೆ ಐದು ಅಕ್ಷರ ಆರಾಮ. ಅಂದರೆ ಐದು ಸೆಕೆಂಡಿಗೆ ಇಪ್ಪತ್ತೈದು. ಆದರೆ ಇಪ್ಪತ್ತೈದನ್ನೂ ತುಂಬಿದರೆ ಕೇಳುಗರಿಗೆ ನಗಲು ಜಾಗವೇ ಉಳಿಯುವುದಿಲ್ಲ. ಚಪ್ಪಲಿ ಅಂತ ಕೇಳಿ, ಬಸ್ ಸ್ಟಾಪು ನೆನಪಾಗಿ, ಓಹೋ ಅನ್ನಲು ಒಂದೆರಡು ಸೆಕೆಂಡು ಬೇಕು. ಹಾಗಾಗಿ ಸಾಲಿಗೆ ಉಳಿಯುವುದು ಮೂರು ಸೆಕೆಂಡು, ಹದಿನೈದು ಅಕ್ಷರ.

ಆ ಸಾಲು ಇದು: "ಕೆಳಗೆ ನೋಡುತ್ತಾರೆ. ಪಿನ್ನು ಚುಚ್ಚಿದ ಚಪ್ಪಲಿ."

ಗಿರಿಜಮ್ಮನ ಹೆಸರು ಎಲ್ಲಿ ಹೋಯಿತು ಅಂತ ಕೇಳಬಹುದು. ಬೇಕಾಗಿಲ್ಲ. ಉದ್ದಕ್ಕೂ ಅವರಿಗೆ "ನೋಡುತ್ತಾರೆ, ಹೋಗುತ್ತಾರೆ" ಅಂತಲೇ ಬರೆದಿದ್ದೇನೆ. ಮಂಜುಗೆ "ನೋಡುತ್ತಾನೆ, ಹೋಗುತ್ತಾನೆ" ಅಂತ. ದೃಶ್ಯದಲ್ಲಿ ಇರುವುದು ಇಬ್ಬರೇ. ಕ್ರಿಯಾಪದದ ಬಾಲವೇ ಯಾರು ಅಂತ ಹೇಳಿಬಿಡುತ್ತದೆ, ನಾಲ್ಕು ಅಕ್ಷರ ಉಳಿತಾಯ. ಮೂರು ಜನ ಹೆಂಗಸರಿರುವ ದೃಶ್ಯದಲ್ಲಿ ಈ ಉಪಾಯ ಕೈಕೊಡುತ್ತದೆ, ಅಲ್ಲಿ ಹೆಸರು ಹೇಳಲೇಬೇಕು. ಇನ್ನೊಂದು: "ಪಿನ್ನು ಚುಚ್ಚಿ" ಅನ್ನುವ ಮಾತನ್ನು ಎರಡೂ ಕಡೆ ಹಾಗೇ ಇಟ್ಟಿದ್ದೇನೆ. ಚೆಂದಕ್ಕೆ ಅಂತ ಇಲ್ಲಿ "ರಿಪೇರಿಯಾದ ಪಾದರಕ್ಷೆ" ಅಂದರೆ ಯಾರಿಗೂ ಬಸ್ ಸ್ಟಾಪು ನೆನಪಾಗುವುದಿಲ್ಲ. ಚಪ್ಪಲಿ ಕೊನೆಯ ಪದವಾಗಿರುವುದೂ ಬೇಕೆಂದೇ. ಕ್ಯಾಮೆರಾ ಮೊದಲು ಗಿರಿಜಮ್ಮನ ಕಣ್ಣು ತೋರಿಸುತ್ತದೆ, ಆಮೇಲೆ ನೆಲ. ಸಾಲೂ ಅದೇ ದಾರಿಯಲ್ಲಿ ಹೋಗಬೇಕು.

ಗಿರಿಜಮ್ಮ ಮೆಟ್ಟಿಲು ಹತ್ತಿ ಬಂದಾಗಲೇ ದೂರದ ಶಾಟಿನಲ್ಲಿ ಆ ಚಪ್ಪಲಿ ಮೂಲೆಯಲ್ಲಿ ಕಾಣುತ್ತದೆ. ಅಲ್ಲೇ ಹೇಳಬಹುದಿತ್ತು. ನಾನು ಹೇಳಲಿಲ್ಲ. ಕಣ್ಣಿರುವವರಲ್ಲೂ ಅದನ್ನು ಗಮನಿಸುವವರು ಕಡಿಮೆ. ದನಿಯಲ್ಲಿ ಹೇಳಿದರೆ ಎಲ್ಲರ ಗಮನವೂ ಅಲ್ಲಿಗೇ ಹೋಗುತ್ತದೆ, ಗಿರಿಜಮ್ಮನಿಗಿಂತ ಮೊದಲೇ. ಆ ಜಾಗಕ್ಕೆ ಬೇರೆ ಸಾಲು ಹಾಕಿದೆ: "ಮುಚ್ಚಿದ ಬಾಗಿಲ ಒಳಗೆ ಮಂಜು ಕುಕ್ಕರಿಸಿ ಕೂತಿದ್ದಾನೆ." ಅವನು ಆಫೀಸಿನಲ್ಲಿಲ್ಲ ಅಂತ ಫೋನಿಗೆ ಮುಂಚೆಯೇ ತಿಳಿಯಬೇಕು. ಇಲ್ಲದಿದ್ದರೆ ಸುಳ್ಳು ಸುಳ್ಳಾಗಿ ಕೇಳಿಸುವುದೇ ಇಲ್ಲ.

ಮುಂದಿನ ಏಳು ಸೆಕೆಂಡು ಸುಲಭ ಅಂದುಕೊಂಡಿದ್ದೆ. "ಚಪ್ಪಲಿ ಎತ್ತಿ ತರಕಾರಿ ಚೀಲಕ್ಕೆ ಹಾಕಿಕೊಳ್ಳುತ್ತಾರೆ" ಎಂದು ಬರೆದು, ಕಣ್ಣು ಕಾಣದ ಗೆಳತಿಯೊಬ್ಬಳಿಗೆ ಕೇಳಿಸಿದೆ. ಕೇಳಿಸಿ ಆದ ಮೇಲೆ "ಅರ್ಥ ಆಯ್ತಾ" ಅಂತ ಕೇಳಬಾರದು. ಎಲ್ಲರೂ ಆಯ್ತು ಅನ್ನುತ್ತಾರೆ. "ಏನಾಯ್ತು, ಕಥೆ ಹೇಳೇ" ಅಂದೆ. "ಅವರು ಅವನ ಚಪ್ಪಲಿ ಜೋಡಿನೇ ಹೊತ್ಕೊಂಡು ಹೋದ್ರು, ಪಾಪ, ಬರಿಗಾಲು" ಅಂದಳು. ಚಪ್ಪಲಿ ಅಂದರೆ ಒಂದೂ ಆಗುತ್ತದೆ, ಜೋಡಿಯೂ ಆಗುತ್ತದೆ. ಈಗ ಸಾಲು ಹೀಗಿದೆ: "ಒಂದೇ ಒಂದು ಚಪ್ಪಲಿ ಎತ್ತಿ ತರಕಾರಿ ಚೀಲಕ್ಕೆ ಹಾಕಿಕೊಳ್ಳುತ್ತಾರೆ." ಇಪ್ಪತ್ತೆರಡು ಅಕ್ಷರ, ನಾಲ್ಕೂವರೆ ಸೆಕೆಂಡು. ಮೆಟ್ಟಿಲಿಳಿದದ್ದನ್ನು ಹೇಳಿಲ್ಲ, ಬಳೆ ಸದ್ದು ಇಳಿದು ಹೋಗುವುದು ಚೆನ್ನಾಗಿ ಕೇಳಿಸುತ್ತದೆ.

ಓದುವಾಗಲೂ ಒಂದು ಆಸೆ ಬರುತ್ತದೆ, ನಗು ಬೆರೆಸಿ ಓದೋಣ ಅಂತ. ಬೇಡ. ಗಿರಿಜಮ್ಮ ಮುಖದಲ್ಲಿ ಏನೂ ತೋರಿಸುವುದಿಲ್ಲ, ಅದಕ್ಕೇ ಅದು ತಮಾಷೆ. ದನಿಯೂ ಹಾಗೇ ಸಪ್ಪಗಿರಲಿ. ಆದರೆ ಯಂತ್ರದ ಥರ ಓದಬಾರದು.

ಇದಾದ ಮೇಲಿನ ಶಾಟ್ ನನಗೆ ಬಹಳ ಇಷ್ಟ. ಬಾಗಿಲು ಕಿರ್ ಎಂದು ತೆಗೆಯುತ್ತದೆ. ಮಂಜು "ಅಯ್ಯೋ" ಅನ್ನುತ್ತಾನೆ. ಆಮೇಲೆ ಮೆಟ್ಟಿಲಲ್ಲಿ ಒಂದು ಹೆಜ್ಜೆ ಪಟ್, ಇನ್ನೊಂದಕ್ಕೆ ಸದ್ದಿಲ್ಲ, ಮತ್ತೆ ಪಟ್. ಎಂಟು ಸೆಕೆಂಡು ಖಾಲಿ ಇದೆ. ಬರೆಯಲು ಬೇಕಾದಷ್ಟಿದೆ: ಒಂದು ಕಾಲಲ್ಲಿ ಚಪ್ಪಲಿ, ಇನ್ನೊಂದು ಬರಿಗಾಲು, ಪೆಚ್ಚು ಮುಖ. ನಿರ್ದೇಶಕನೂ "ಇಲ್ಲೊಂದು ಸಾಲು ಹಾಕೋ" ಅಂದ. ನಾನು ಹಾಕಲಿಲ್ಲ. ಗೆಳತಿ ಎರಡನೇ ಪಟ್‌ಗೇ ನಕ್ಕಿದ್ದಳು.

ಕೊನೆಗೆ ಹೆಸರುಗಳು ಓಡುವಾಗ ಅವನ್ನೂ ಓದಿದ್ದೇನೆ. ಎಲ್ಲ ಹಿಡಿಸುವುದಿಲ್ಲ, ಮುಖ್ಯವಾದವಷ್ಟೇ. ಎಡಿ ಇರುವ ಮತ್ತು ಇಲ್ಲದ ಎರಡೂ ಆವೃತ್ತಿಯ ಲಿಂಕ್ ಕೆಳಗಿದೆ. ಎಡಿ ಇರುವುದನ್ನು ಮೊದಲು ಕೇಳಿ, ಆಮೇಲೆ ಇನ್ನೊಂದನ್ನು ನೋಡಿ. ನಾನು ಯಾವುದನ್ನು ಬಿಟ್ಟೆ ಅಂತ ಕಂಡರೆ ಕಾಮೆಂಟಿನಲ್ಲಿ ಬೈಯಿರಿ.