ಗದ್ಯಭಾಗ ಹೇಳಿದ್ದು, ನೆನಪು ಹೇಳಿದ್ದು

ಕೇಳುಗರೆಲ್ಲರಿಗೂ ನಮಸ್ಕಾರ.

ಕೊಪ್ಪಳ ಜಿಲ್ಲೆಯ ಪ್ರೌಢಶಾಲೆಯೊಂದರಲ್ಲಿ ನಾನು ಕನ್ನಡ ಕಲಿಸುತ್ತೇನೆ. ಮಕ್ಕಳು ಹಿಂದೆಂದೂ ಓದಿರದ ಒಂದು ಗದ್ಯಭಾಗವನ್ನು ಪರೀಕ್ಷೆಯಲ್ಲಿ ಕೊಟ್ಟು, ಅದನ್ನು ಓದಿ ಕೆಳಗಿನ ಪ್ರಶ್ನೆಗಳಿಗೆ ಉತ್ತರಿಸಿರಿ ಎಂದು ಕೇಳುವ ಪದ್ಧತಿ ನಿಮಗೆಲ್ಲ ಗೊತ್ತಿರುವುದೇ. ಅಲ್ಲಿ ಬಾಯಿಪಾಠ ಬೇಕಿಲ್ಲ, ಉತ್ತರ ಕಣ್ಣೆದುರಿನ ಹಾಳೆಯ ಮೇಲೆಯೇ ಇರುತ್ತದೆ. ಹಾಗಿದ್ದೂ ಈ ಪ್ರಶ್ನೆಯಲ್ಲಿ ತಪ್ಪುವವರಲ್ಲಿ ಉಳಿದ ವಿಷಯಗಳಲ್ಲಿ ಮುಂದಿರುವ ಮಕ್ಕಳೂ ಇರುತ್ತಾರೆ ಎಂಬುದು ನನ್ನನ್ನು ಬಹಳ ವರ್ಷ ಕಾಡಿದ ಸಂಗತಿ. ಅವರಿಗೆ ಓದಲು ಬಾರದೆ ಹೀಗಾಗುವುದಿಲ್ಲ. ಗದ್ಯಭಾಗದ ವಿಷಯ ಅವರಿಗೆ ಮೊದಲೇ ಪರಿಚಿತವಾಗಿರುತ್ತದೆ, ತಪ್ಪು ಹುಟ್ಟುವುದು ಅಲ್ಲಿಂದಲೇ.

ನಾನು ಹತ್ತನೆಯ ತರಗತಿಗೆ ಕೊಟ್ಟ ಒಂದು ಗದ್ಯಭಾಗವನ್ನು ನಿಮಗೂ ಓದಿ ಹೇಳುತ್ತೇನೆ. ಪೆನ್ನು, ಕಾಗದ ಬೇಡ, ಕಿವಿಗೊಟ್ಟರೆ ಸಾಕು.

"ರಾಯಚೂರು ಜಿಲ್ಲೆಯ ಮಸ್ಕಿಯಲ್ಲಿ ಚಿನ್ನದ ಗಣಿಯ ಇಂಜಿನಿಯರ್ ಆಗಿದ್ದ ಬೀಡನ್ ಎಂಬವರು 1915ರಲ್ಲಿ ಬಂಡೆಯ ಮೇಲಿನ ಶಾಸನವೊಂದನ್ನು ಕಂಡರು. ಅದಕ್ಕೂ ಮೊದಲು ದೊರೆತಿದ್ದ ಇಂಥ ಶಾಸನಗಳಲ್ಲಿ ಅರಸನನ್ನು ದೇವಾನಾಂಪ್ರಿಯ, ಪ್ರಿಯದರ್ಶಿ ಎಂಬ ಬಿರುದುಗಳಿಂದ ಮಾತ್ರ ಕರೆಯಲಾಗಿತ್ತು. ಮಸ್ಕಿಯ ಶಾಸನದಲ್ಲಿ ಅಶೋಕ ಎಂಬ ಹೆಸರೇ ಇದ್ದುದರಿಂದ, ಆ ಅರಸ ಅಶೋಕನೇ ಎಂದು ವಿದ್ವಾಂಸರು ಮೊದಲೇ ಮಾಡಿದ್ದ ಊಹೆ ದೃಢಪಟ್ಟಿತು. ಮುಂದೆ ಬಳ್ಳಾರಿ ಜಿಲ್ಲೆಯ ನಿಟ್ಟೂರು ಮತ್ತು ಉಡೇಗೋಳಂ ಶಾಸನಗಳಲ್ಲಿಯೂ ಆ ಹೆಸರು ಕಂಡುಬಂದಿತು. ಕೊಪ್ಪಳದ ಗವಿಮಠದ ಶಾಸನದಲ್ಲಿ ಬಿರುದು ಮಾತ್ರ ಇದೆ."

ಇನ್ನು ಪ್ರಶ್ನೆ. ಗದ್ಯಭಾಗದ ಪ್ರಕಾರ ಅಶೋಕ ಎಂಬ ಹೆಸರು ಎಷ್ಟು ಶಾಸನಗಳಲ್ಲಿ ಕಂಡುಬಂದಿದೆ? ಒಂದು, ಎರಡು, ಮೂರು, ನಾಲ್ಕು ಎಂದು ನಾಲ್ಕು ಆಯ್ಕೆಗಳನ್ನು ಕೊಟ್ಟಿದ್ದೆ. ಮಸ್ಕಿ, ನಿಟ್ಟೂರು, ಉಡೇಗೋಳಂ ಎಂದು ಬೆರಳು ಮಡಚಿ ಎಣಿಸಿದರೆ ಮೂರು. ಆದರೆ ತರಗತಿಯ ಅರ್ಧಕ್ಕಿಂತ ಹೆಚ್ಚು ಮಕ್ಕಳು ಒಂದು ಎಂದು ಗುರುತು ಹಾಕಿದ್ದರು. ಮುಂದಿನ ಬೆಂಚಿನ ಹುಡುಗನನ್ನು ಕೇಳಿದಾಗ, "ಸರ್, ಮಸ್ಕಿ ಶಾಸನದಾಗ ಮಾತ್ರ ಅಶೋಕ ಅಂತ ಐತ್ರಿ, ನೋಟ್ಸ್‌ನಾಗ ಹಂಗ ಬರಕೊಂಡೀವ್ರಿ" ಎಂದು ಸ್ವಲ್ಪವೂ ಅಳುಕದೆ ಹೇಳಿದ. ಇನ್ನೊಬ್ಬ ಹುಡುಗಿ ನಾಲ್ಕು ಎಂದು ಬರೆದಿದ್ದಳು. ಸ್ಪರ್ಧಾತ್ಮಕ ಪರೀಕ್ಷೆಗೆ ಓದುತ್ತಿದ್ದ ತನ್ನ ಅಣ್ಣನ ಪುಸ್ತಕದಲ್ಲಿ ಮಧ್ಯಪ್ರದೇಶದ ಗುಜರ್ರಾದ ಶಾಸನದಲ್ಲಿಯೂ ಅಶೋಕನ ಹೆಸರಿದೆ ಎಂಬುದನ್ನು ಅವಳು ಓದಿದ್ದಳು. ಅದು ನಿಜವೇ. ಆದರೆ ಗುಜರ್ರಾದ ಹೆಸರು ನನ್ನ ಗದ್ಯಭಾಗದಲ್ಲಿ ಎಲ್ಲಿಯೂ ಇರಲಿಲ್ಲ.

ಈ ಎರಡು ತಪ್ಪುಗಳನ್ನು ಅಕ್ಕಪಕ್ಕದಲ್ಲಿಟ್ಟು ನೋಡಬೇಕು. ಹುಡುಗನ ನೆನಪು ಹಳೆಯದು, ಅಪೂರ್ಣವಾದದ್ದು. ಹುಡುಗಿಯ ನೆನಪು ಗದ್ಯಭಾಗಕ್ಕಿಂತಲೂ ಪೂರ್ಣವಾದದ್ದು. ಆದರೂ ಇಬ್ಬರೂ ಮಾಡಿದ್ದು ಒಂದೇ ಕೆಲಸ: ಪ್ರಶ್ನೆಯನ್ನು ಹಾಳೆಗೆ ಕೇಳದೆ ತಮ್ಮ ತಲೆಗೆ ಕೇಳಿಕೊಂಡರು. ಆದ್ದರಿಂದ "ಸರಿಯಾಗಿ ಓದಿಕೊಂಡು ಬಾ" ಎಂದು ಹೇಳಿ ಈ ತಪ್ಪನ್ನು ತಿದ್ದಲಾಗುವುದಿಲ್ಲ. ಹೆಚ್ಚು ಓದಿಕೊಂಡವಳೂ ತಪ್ಪಿದಳಲ್ಲ!

ಎರಡನೆಯ ಪ್ರಶ್ನೆ ಮಸ್ಕಿಯ ಶಾಸನ ಏಕೆ ಮಹತ್ವದ್ದು ಎಂಬುದಾಗಿತ್ತು. ಕಳಿಂಗ ಯುದ್ಧದ ಬಗೆಗಿನ ಅಶೋಕನ ಪಶ್ಚಾತ್ತಾಪವನ್ನು ತಿಳಿಸುವುದರಿಂದ ಎಂಬ ಆಯ್ಕೆಯನ್ನು ನಾನು ಬೇಕೆಂದೇ ಸೇರಿಸಿದ್ದೆ. ಕಳಿಂಗದ ಮಾತು ಬರುವುದು ಹದಿಮೂರನೆಯ ಬಂಡೆಗಲ್ಲು ಶಾಸನದಲ್ಲಿ, ಮಸ್ಕಿಯದರಲ್ಲಿ ಅಲ್ಲ. ನಾನು ಓದಿದ ಗದ್ಯಭಾಗದಲ್ಲಂತೂ ಯುದ್ಧದ ಸುಳಿವೇ ಇಲ್ಲವೆಂಬುದನ್ನು ನೀವೇ ಕೇಳಿದಿರಿ. ಆದರೂ ಅನೇಕರು ಅದನ್ನೇ ಆರಿಸಿದರು. ಅಶೋಕ ಎಂಬ ಹೆಸರು ಕಣ್ಣಿಗೆ ಬಿದ್ದ ಕೂಡಲೇ ಕಳಿಂಗ, ಪಶ್ಚಾತ್ತಾಪ, ಧರ್ಮ ಎಂಬ ಮಾತುಗಳು ಒಂದರ ಬೆನ್ನಿಗೊಂದು ಎದ್ದು ಬರುತ್ತವೆ, ಏಕೆಂದರೆ ಐದಾರು ವರ್ಷ ಅವುಗಳನ್ನು ಒಟ್ಟೊಟ್ಟಿಗೇ ಕಲಿಸಿದ್ದೇವೆ. ಹೀಗೆ ಎದ್ದು ಬಂದ ಉತ್ತರ ಆಯ್ಕೆಗಳ ನಡುವೆಯೂ ಅಚ್ಚಾಗಿ ಕಂಡರೆ, ಅದು ಸರಿಯೆಂಬ ನಂಬಿಕೆ ಮೂಡುತ್ತದೆ. ಆಮೇಲೆ ಮಗು ಗದ್ಯಭಾಗಕ್ಕೆ ಮರಳಿ ಹೋದರೂ ಹುಡುಕುವ ಸಲುವಾಗಿ ಹೋಗುವುದಿಲ್ಲ, ಒಪ್ಪಿಗೆ ಪಡೆಯುವ ಸಲುವಾಗಿ ಹೋಗುತ್ತದೆ. ಮಸ್ಕಿ, ಅಶೋಕ ಎಂಬ ಎರಡು ಪದಗಳು ಒಂದೇ ಸಾಲಿನಲ್ಲಿ ಸಿಕ್ಕವೆಂದರೆ ಅಲ್ಲಿಗೆ ಓದು ನಿಂತಿತು. ನಿಟ್ಟೂರಿನ ಸಾಲು ಅದರ ಮುಂದಿನದು, ಅಲ್ಲಿಯವರೆಗೆ ಕಣ್ಣು ಹೋಗುವುದೇ ಇಲ್ಲ.

ಈ ರೂಢಿಯನ್ನು ಬೆಳೆಸಿದವರು ನಾವೇ ಎಂದು ನಾನು ಒಪ್ಪಿಕೊಳ್ಳುತ್ತೇನೆ. ವರ್ಷವಿಡೀ ನಮ್ಮ ತರಗತಿಗಳಲ್ಲಿ ಪುಸ್ತಕ ಮುಚ್ಚಿದ ಮೇಲೆಯೇ ಪ್ರಶ್ನೆ ಕೇಳುವುದು. ಪುಸ್ತಕ ನೋಡಿ ಹೇಳಿದರೆ ಅದು ಕಳ್ಳತನ, ನೆನಪಿನಿಂದ ಹೇಳಿದರೆ ಅದು ಜಾಣತನ. ಪ್ರಶ್ನೆಪತ್ರಿಕೆಯ ಒಂದೇ ಒಂದು ಭಾಗದಲ್ಲಿ ಈ ನಿಯಮ ತಲೆಕೆಳಗಾಗುತ್ತದೆ, ಮತ್ತು ಆ ಬದಲಾವಣೆಯನ್ನು ತಿಳಿಸಲು ಅಲ್ಲಿರುವುದು 'ಗದ್ಯಭಾಗದ ಪ್ರಕಾರ' ಎಂಬ ಎರಡೇ ಪದಗಳು. ಆ ಪದಗಳು ಮಕ್ಕಳ ಕಿವಿಗೆ ಬರಿಯ ಶಿಷ್ಟಾಚಾರದ ಮಾತಿನಂತೆ ಕೇಳಿಸುತ್ತವೆ.

ಪ್ರಶ್ನೆ ತೆಗೆಯುವವರ ಪಾಲೂ ಇದರಲ್ಲಿದೆ. ಅಮೆರಿಕದಲ್ಲಿ ಸ್ಟುವರ್ಟ್ ಕಾಟ್ಜ್ ಮತ್ತು ಅವರ ಸಂಗಡಿಗರು 1990ರಲ್ಲಿ ಪ್ರಕಟಿಸಿದ ಅಧ್ಯಯನವೊಂದರಲ್ಲಿ, ಕಾಲೇಜು ಪ್ರವೇಶ ಪರೀಕ್ಷೆಯ ಗದ್ಯಭಾಗಗಳನ್ನು ತೆಗೆದುಹಾಕಿ ಪ್ರಶ್ನೆಗಳನ್ನಷ್ಟೇ ವಿದ್ಯಾರ್ಥಿಗಳಿಗೆ ಕೊಟ್ಟು ನೋಡಿದರು. ಕುರುಡು ಊಹೆಯಿಂದ ಬರಬಹುದಾದಷ್ಟಕ್ಕಿಂತ ಸ್ಪಷ್ಟವಾಗಿ ಹೆಚ್ಚು ಉತ್ತರಗಳು ಸರಿಯಾಗಿದ್ದವು. ಗದ್ಯಭಾಗವನ್ನು ಓದದೆಯೇ ಅಂಕ ಸಿಗುವುದಾದರೆ ಮಕ್ಕಳು ಕಲಿಯುವ ಪಾಠವೂ ಅದೇ ಆಗುತ್ತದೆ. ಇದನ್ನು ಯಾವ ಶಿಕ್ಷಕರೂ ತಮ್ಮ ತರಗತಿಯಲ್ಲಿ ಪರೀಕ್ಷಿಸಬಹುದು: ಪ್ರಶ್ನೆಗಳನ್ನು ಮೊದಲು ಗದ್ಯಭಾಗವಿಲ್ಲದೆ ಕೊಟ್ಟು ಉತ್ತರ ಬರೆಸಿಕೊಳ್ಳಿರಿ, ಮಾರನೆಯ ದಿನ ಗದ್ಯಭಾಗದೊಂದಿಗೆ ಕೊಡಿರಿ. ಎರಡೂ ದಿನ ಬಹುತೇಕ ಎಲ್ಲರೂ ಸರಿ ಬರೆದ ಪ್ರಶ್ನೆ ಓದನ್ನು ಅಳೆಯುತ್ತಿಲ್ಲ. ಎರಡೂ ದಿನ ಒಂದೇ ತಪ್ಪು ಉತ್ತರವನ್ನು ಬರೆದ ಮಗು, ಎರಡನೆಯ ದಿನವೂ ನೆನಪಿನಿಂದಲೇ ಬರೆದಿರುವ ಸಂಭವ ಹೆಚ್ಚು.

ಇನ್ನು ನನ್ನದೇ ಒಂದು ತಪ್ಪನ್ನು ಹೇಳಬೇಕು. ಗದ್ಯಭಾಗವನ್ನು ಹಂಚುವ ಮುನ್ನ "ಅಶೋಕನ ಬಗ್ಗೆ ನಿಮಗೆ ಏನೇನು ಗೊತ್ತು?" ಎಂದು ಕೇಳಿ, ಮಕ್ಕಳು ಹೇಳಿದ್ದನ್ನೆಲ್ಲ ಕರಿಹಲಗೆಯ ಮೇಲೆ ಬರೆಯುವುದು ನನ್ನ ಕ್ರಮವಾಗಿತ್ತು. ಗೊತ್ತಿರುವುದರಿಂದ ಗೊತ್ತಿಲ್ಲದ್ದರ ಕಡೆಗೆ ಹೋಗಬೇಕು ಎಂದು ತರಬೇತಿಯಲ್ಲಿ ಕಲಿತದ್ದನ್ನೇ ಶ್ರದ್ಧೆಯಿಂದ ಪಾಲಿಸುತ್ತಿದ್ದೆ. ಡೊನ್ನಾ ಆಲ್ವರ್‌ಮನ್ ಮತ್ತು ಇನ್ನಿಬ್ಬರು 1985ರಲ್ಲಿ ಆರನೆಯ ತರಗತಿಯ ಮಕ್ಕಳ ಮೇಲೆ ನಡೆಸಿದ ಅಧ್ಯಯನವನ್ನು ಓದಿದ ಮೇಲೆ ಈ ಕ್ರಮದ ಬಗ್ಗೆ ನನಗೆ ಅನುಮಾನ ಹುಟ್ಟಿತು. ಮಕ್ಕಳ ತಿಳಿವಳಿಕೆಗೆ ಹೊಂದದ ಸಂಗತಿಗಳಿದ್ದ ವಿಜ್ಞಾನದ ಬರಹವೊಂದನ್ನು ಅಲ್ಲಿ ಓದಲು ಕೊಡಲಾಗಿತ್ತು. ಓದುವ ಮುನ್ನ ತಮಗೆ ಗೊತ್ತಿದ್ದುದನ್ನು ನೆನಪಿಗೆ ತಂದುಕೊಂಡ ಮಕ್ಕಳು, ಹಾಗೆ ಮಾಡದ ಮಕ್ಕಳಿಗಿಂತ ಹಿಂದೆ ಬಿದ್ದರು. ಬರಹ ಹೇಳಿದ್ದರ ಮೇಲೆ ಅವರ ಹಳೆಯ ತಿಳಿವಳಿಕೆ ಗೆದ್ದಿತು. ನನ್ನ ಕರಿಹಲಗೆಯ ಮೇಲೂ ಅಂದು ದೊಡ್ಡ ಅಕ್ಷರಗಳಲ್ಲಿ ಕಳಿಂಗ ಎಂದೇ ಇತ್ತು.

ಹಾಗೆಂದು ಗೊತ್ತಿರುವುದೇ ತೊಡಕು ಎಂದು ಯಾರೂ ತಿಳಿಯಬಾರದು. 1988ರಲ್ಲಿ ರೆಕ್ಟ್ ಮತ್ತು ಲೆಸ್ಲಿ ಎಂಬಿಬ್ಬರು ಬೇಸ್‌ಬಾಲ್ ಪಂದ್ಯವೊಂದರ ವರ್ಣನೆಯನ್ನು ಮಕ್ಕಳಿಗೆ ಓದಿಸಿದಾಗ, ಆ ಆಟವನ್ನು ಬಲ್ಲ ದುರ್ಬಲ ಓದುಗರು ಆಟ ತಿಳಿಯದ ಉತ್ತಮ ಓದುಗರಿಗಿಂತ ಚೆನ್ನಾಗಿ ಅರ್ಥಮಾಡಿಕೊಂಡರು. ಬಿರುದು ಎಂದರೇನು, ಶಾಸನ ಎಂದರೇನು ಎಂಬುದು ತಿಳಿಯದ ಮಗುವಿಗೆ ನನ್ನ ಗದ್ಯಭಾಗ ಅರ್ಥವೇ ಆಗುವುದಿಲ್ಲ. ಪದದ ಅರ್ಥವನ್ನು ನೆನಪಿನಿಂದ ತಂದುಕೊಳ್ಳಲೇಬೇಕು. ಉತ್ತರವನ್ನು ಮಾತ್ರ ಅಲ್ಲಿಂದ ತರಬಾರದು. ಈ ಗೆರೆಯನ್ನು ಮಕ್ಕಳಿಗೆ ತೋರಿಸಿಕೊಡುವುದೇ ಕಷ್ಟದ ಕೆಲಸ.

ನಾನು ಈಗ ಅನುಸರಿಸುವ ಕ್ರಮ ಸರಳವಾದದ್ದು. ಗದ್ಯಭಾಗದ ಪಕ್ಕದಲ್ಲಿ ಸಾಲುಗಳ ಸಂಖ್ಯೆ ಹಾಕಿರುತ್ತೇನೆ. ಮಗು ಉತ್ತರದ ಜೊತೆಗೆ, ಅದು ಯಾವ ಸಾಲಿನಿಂದ ಬಂದಿತು ಎಂಬುದನ್ನೂ ಬರೆಯಬೇಕು. ಉತ್ತರಕ್ಕೆ ಅರ್ಧ ಅಂಕ, ಸಾಲಿಗೆ ಅರ್ಧ ಅಂಕ. ಸಾಲನ್ನು ಕೇಳಿದ ಕೂಡಲೇ ತಪ್ಪಿನ ಮೂಲ ಬೇರೆಬೇರೆಯಾಗಿ ಕಾಣತೊಡಗುತ್ತದೆ. ಒಂದು ಎಂದು ಬರೆದು ಮಸ್ಕಿಯ ಸಾಲನ್ನು ತೋರಿಸಿದ ಮಗು ಗದ್ಯಭಾಗವನ್ನು ಓದಿದೆ, ಆದರೆ ಬೇಗ ನಿಲ್ಲಿಸಿದೆ. ಅದಕ್ಕೆ ಕೊನೆಯವರೆಗೆ ಎಣಿಸುವುದನ್ನು ಹೇಳಿಕೊಟ್ಟರೆ ಸಾಕು. ಕಳಿಂಗ ಎಂದು ಬರೆದು, ಸಾಲು ಹುಡುಕುತ್ತಾ ಬೆರಳು ಮೇಲೆ ಕೆಳಗೆ ಆಡಿಸುವ ಮಗು ನೆನಪಿನಿಂದ ಬರೆದಿದೆ. ಬೆರಳು ನಿಲ್ಲಲು ಜಾಗ ಸಿಗದಿದ್ದಾಗ ಆ ಮಗುವಿಗೆ ತನ್ನ ತಪ್ಪು ತಾನಾಗಿಯೇ ತಿಳಿಯುತ್ತದೆ, ನಾನು ಬಾಯಿ ತೆರೆಯಬೇಕಾಗುವುದಿಲ್ಲ. ಸರಿಯಾದ ಸಾಲನ್ನೇ ತೋರಿಸಿ ತಪ್ಪು ಉತ್ತರ ಬರೆದ ಮಗುವಿಗೆ ಭಾಷೆಯ ತೊಡಕಿದೆ. ಅದು ಬೇರೆಯದೇ ಸಮಸ್ಯೆ, ಅದಕ್ಕೆ ಬೇರೆ ಪಾಠ ಬೇಕು.

ಕರಿಹಲಗೆಯ ಮೇಲಿನ ಪ್ರಶ್ನೆಯನ್ನೂ ಬದಲಿಸಿದ್ದೇನೆ. ಓದುವ ಮುನ್ನ ಏನನ್ನೂ ಕೇಳುವುದಿಲ್ಲ. ಓದಿದ ಮೇಲೆ, ನಿಮಗೆ ಮೊದಲು ಗೊತ್ತಿಲ್ಲದ ಯಾವ ಮಾತು ಇದರಲ್ಲಿ ಬಂತು, ಗೊತ್ತಿದ್ದ ಯಾವ ಮಾತು ಇದರಲ್ಲಿ ಇಲ್ಲ ಎಂದು ಕೇಳುತ್ತೇನೆ. ಎರಡನೆಯ ಪ್ರಶ್ನೆಗೆ ಮಕ್ಕಳು ಕಳಿಂಗ, ಧರ್ಮಚಕ್ರ, ಸಾಂಚಿ ಎಂದು ಉತ್ಸಾಹದಿಂದ ಹೇಳುತ್ತಾರೆ. ಹಾಗೆ ಹೇಳಿ ಮುಗಿಸಿದ ಮೇಲೆ ಅವು ಉತ್ತರದೊಳಗೆ ನುಸುಳುವುದು ಕಡಿಮೆಯಾಗಿರುವುದನ್ನು ನನ್ನ ತರಗತಿಯಲ್ಲಿ ಕಂಡಿದ್ದೇನೆ.

ಸಾಲು ತೋರಿಸುವ ಈ ಕ್ರಮ ಎಲ್ಲ ಪ್ರಶ್ನೆಗಳಿಗೂ ಒದಗುವುದಿಲ್ಲ. ಮಸ್ಕಿಯ ಶಾಸನ ದೊರೆಯದಿದ್ದರೆ ಗವಿಮಠದ ಶಾಸನವನ್ನು ಮಾತ್ರ ನೋಡಿ ಅರಸನ ಹೆಸರು ಹೇಳಬಹುದಾಗಿತ್ತೇ ಎಂದು ಕೇಳಿದರೆ, ಉತ್ತರ ಯಾವ ಒಂದು ಸಾಲಿನಲ್ಲಿಯೂ ಇಲ್ಲ. ಗವಿಮಠದಲ್ಲಿ ಬಿರುದು ಮಾತ್ರ ಇದೆ ಎಂಬ ಸಾಲನ್ನೂ, ಬಿರುದಿನಿಂದ ಊಹೆಯಷ್ಟೇ ಸಾಧ್ಯವಾಗಿತ್ತು ಎಂಬ ಸಾಲನ್ನೂ ಮಗು ಜೋಡಿಸಬೇಕು. ಅಂಥ ಕಡೆ ಎರಡು ಸಾಲುಗಳ ಸಂಖ್ಯೆಯನ್ನು ಬರೆಯಲು ಹೇಳುತ್ತೇನೆ. ಹೀಗೆ ಜೋಡಿಸುವಾಗ ನೆನಪು ಮತ್ತೆ ಒಳಗೆ ಬರುವ ಭಯ ಹೆಚ್ಚು, ಹಾಗಾಗಿ ಇದನ್ನು ಮೊದಲ ತಿಂಗಳಲ್ಲಿ ಕೊಡುವುದಿಲ್ಲ.

ಗುಜರ್ರಾದ ಹುಡುಗಿಯ ವಿಷಯದಲ್ಲಿ ನನಗೆ ಸಂಕಟವಿತ್ತು. ಅವಳು ತಿಳಿದುಕೊಂಡಿದ್ದ ನಿಜಕ್ಕೆ ನಾನು ಸೊನ್ನೆ ಕೊಡಬೇಕಾಯಿತು. ಮುಂದಿನ ವಾರ ಅದೇ ಗದ್ಯಭಾಗವನ್ನು ಸಾಲುಗಳ ಸಂಖ್ಯೆಯೊಂದಿಗೆ ಮತ್ತೆ ಕೊಟ್ಟೆ. ಅವಳು ಮೂರು ಎಂದು ಬರೆದು, ಎದುರಿಗೆ ಎರಡು ಸಾಲುಗಳ ಸಂಖ್ಯೆ ಹಾಕಿ, ಹಾಳೆಯ ಅಂಚಿನಲ್ಲಿ ಸಣ್ಣ ಅಕ್ಷರಗಳಲ್ಲಿ "ಗುಜರ್ರಾ ಇದರಾಗ ಇಲ್ಲ ಸರ್" ಎಂದು ಬರೆದಿದ್ದಳು.

ನಮಸ್ಕಾರ.