ಗಂಟೆಗೆ ಎಷ್ಟು ಲೈನ್? ಪಿಕ್ಕಿಂಗ್ ಕೆಲಸವನ್ನು ಅಳೆಯುವ ಬಗೆ

ಎಲ್ಲರಿಗೂ ನಮಸ್ಕಾರ.

ಇಲ್ಲಿ ಕೂತಿರುವವರಲ್ಲಿ ಹೆಚ್ಚಿನವರು ನೆಲಮಂಗಲ, ದಾಬಸ್‌ಪೇಟೆ, ಹೊಸಕೋಟೆ ಕಡೆಯ ಗೋದಾಮುಗಳಲ್ಲಿ ಸೂಪರ್‌ವೈಸರ್ ಆಗಿರುವವರು. ಹಾಗಾಗಿ ಪೀಠಿಕೆ ಬೇಡ, ನೇರ ಪಿಕ್ಕಿಂಗ್‌ಗೆ ಬರುತ್ತೇನೆ. ಲೆಕ್ಕಕ್ಕೆ ಒಂದು ವಾಹನ ಬಿಡಿಭಾಗಗಳ ಗೋದಾಮು ಇಟ್ಟುಕೊಳ್ಳೋಣ. ಡೀಲರ್‌ಗಳಿಂದ ಆರ್ಡರ್ ಬರುತ್ತದೆ. ಪಿಕ್ಕರ್ ಸ್ಕ್ಯಾನರ್ ಹಿಡಿದು ರ‍್ಯಾಕ್‌ಗಳ ನಡುವೆ ಓಡಾಡಿ ಸಾಮಾನು ತರುತ್ತಾನೆ, ಪ್ಯಾಕಿಂಗ್ ಟೇಬಲ್‌ಗೆ ಕೊಡುತ್ತಾನೆ. ಆರ್ಡರ್‌ನ ಒಂದೊಂದು ಐಟಂ ಒಂದೊಂದು ಲೈನ್.

ಎಲ್ಲ ಕಡೆಯೂ ಮೊದಲು ಅಳೆಯುವುದು ಒಂದೇ: ಗಂಟೆಗೆ ಎಷ್ಟು ಲೈನ್. ಸ್ಕ್ಯಾನರ್ ತಾನೇ ಎಣಿಸಿಕೊಡುತ್ತದೆ, ಪುಕ್ಕಟೆ ಅಂಕಿ. ಬೋರ್ಡ್ ಮೇಲೆ ಹೆಸರು ಬರೆದು, ಮುಂದಿದ್ದವರಿಗೆ ಇನ್ಸೆಂಟಿವ್ ಕೊಟ್ಟರೆ ಆಯಿತು. ಒಂದು ವಾರ ಅಂಕಿ ಜೋರಾಗಿ ಏರುತ್ತದೆ. ಆಮೇಲೆ ಆಟ ಶುರು. ಚಾರ್ಲ್ಸ್ ಗುಡ್‌ಹಾರ್ಟ್ ಅನ್ನೋ ಬ್ರಿಟಿಷ್ ಅರ್ಥಶಾಸ್ತ್ರಜ್ಞ 1975ರಲ್ಲಿ ಹಣಕಾಸು ನೀತಿಯ ಬಗ್ಗೆ ಇದನ್ನೇ ಹೇಳಿದ್ದರು: ಹಿಡಿತ ಸಾಧಿಸಲು ಯಾವ ಅಂಕಿಯನ್ನು ಬಳಸುತ್ತೀರೋ, ಆ ಅಂಕಿ ನಂಬಿಕೆಗೆ ಯೋಗ್ಯವಾಗಿ ಉಳಿಯುವುದಿಲ್ಲ. ನಾವು ಚಾಪೆ ಕೆಳಗೆ ತೂರಿದರೆ ಅವರು ರಂಗೋಲಿ ಕೆಳಗೆ ತೂರುತ್ತಾರೆ ಅಂತ ನಮ್ಮಲ್ಲಿ ಮೊದಲಿಂದಲೂ ಇದೆಯಲ್ಲ, ಅದೇ.

ಮೊದಲ ಆಟ, ಆರಿಸಿಕೊಳ್ಳುವುದು. ಒಬ್ಬ ಗಂಟೆಗೆ 60 ಲೈನ್ ತೆಗೆಯುತ್ತಾನೆ, ಇನ್ನೊಬ್ಬ 42. ಎರಡನೆಯವನು ನಿಧಾನ ಅಂದುಬಿಡುತ್ತೇವೆ. ಅವರು ತೆಗೆದದ್ದೇನು ಅಂತ ನೋಡಿ. ಮೊದಲನೆಯವನು ಬೆಳಿಗ್ಗೆಯೇ ಹೋಗಿ ಫಿಲ್ಟರ್, ಬಲ್ಬ್, ಗ್ಯಾಸ್ಕೆಟ್ ಇರುವ ಲಿಸ್ಟ್‌ಗಳನ್ನೆಲ್ಲ ಎತ್ತಿಕೊಂಡಿದ್ದಾನೆ. ಎಲ್ಲವೂ ಸೊಂಟದ ಎತ್ತರದ ಬಿನ್‌ಗಳಲ್ಲೇ ಸಿಗುತ್ತವೆ. ಎರಡನೆಯವನ ಪಾಲಿಗೆ ಬ್ರೇಕ್ ಡ್ರಮ್ಮು, ಬಂಪರ್ರು ಬಂದಿವೆ. ಗಡಿಯಾರ ಹಿಡಿದು ಅಳೆದಾಗ ಸಣ್ಣ ಐಟಂಗೆ ಸರಾಸರಿ 0.8 ನಿಮಿಷ, ಭಾರದ ಐಟಂಗೆ 2 ನಿಮಿಷ ಬೇಕು ಅಂದುಕೊಳ್ಳಿ. ಮೊದಲನೆಯವನದು 60 ಸಣ್ಣ ಲೈನ್, ಅಂದರೆ 48 ನಿಮಿಷದ ಕೆಲಸ. ಎರಡನೆಯವನದು 30 ಸಣ್ಣವು, 12 ಭಾರದವು. 24 ಮತ್ತು 24, ಒಟ್ಟು ಅದೇ 48 ನಿಮಿಷ. ಇಬ್ಬರೂ ಸರಿಸಮ ಕೆಲಸ ಮಾಡಿದ್ದಾರೆ, ಬೋರ್ಡ್ ಮಾತ್ರ ಒಬ್ಬನನ್ನು ಸೋಮಾರಿ ಅನ್ನುತ್ತಿದೆ.

ಹಾಗಾಗಿ ಲೈನ್ ಎಣಿಸಬೇಡಿ, ನಿಮಿಷ ಎಣಿಸಿ. ನೂರೆಂಟು ವರ್ಗ ಬೇಡ, ಸಣ್ಣದು, ಭಾರದ್ದು, ಮೇಲಿನ ಹಂತದ್ದು ಅಂತ ಮೂರ‍್ನಾಲ್ಕು ಸಾಕು. ಜೊತೆಗೆ ಲಿಸ್ಟ್ ಆರಿಸುವ ಅವಕಾಶ ತೆಗೆದುಬಿಡಿ, ಮುಂದಿನ ಲಿಸ್ಟ್ ಯಾವುದು ಅಂತ ಸಿಸ್ಟಂ ಕೊಡಲಿ. ಇವೆರಡರಲ್ಲಿ ಒಂದನ್ನೇ ಮಾಡಿದರೆ ಸಾಲದು. ನಿಮಿಷದ ಲೆಕ್ಕ ಸ್ವಲ್ಪ ತಪ್ಪಿದರೂ ಯಾವ ವರ್ಗದಲ್ಲಿ ಲಾಭ ಅನ್ನೋದನ್ನು ಹುಡುಗರು ನಮಗಿಂತ ಬೇಗ ಕಂಡುಹಿಡಿಯುತ್ತಾರೆ.

ಎರಡನೆಯ ಆಟ ಕಣ್ಣಿಗೆ ಬೀಳುವುದು ಕಷ್ಟ. ಅದು ಶಾರ್ಟ್ ಒತ್ತುವುದು. ಬಿನ್ ಮೇಲಿನ ಹಂತದಲ್ಲಿದೆ, ರೀಚ್ ಟ್ರಕ್ ಇನ್ನೊಂದು ಸಾಲಿನಲ್ಲಿದೆ, ಹತ್ತು ನಿಮಿಷ ಕಾಯಬೇಕು. ಸ್ಕ್ಯಾನರ್‌ನಲ್ಲಿ ‘ಸ್ಟಾಕ್ ಇಲ್ಲ’ ಅಂತ ಒತ್ತಿದರೆ ಐದೇ ಸೆಕೆಂಡು. ವೇಗದ ಅಂಕಿಗೆ ಏನೂ ಆಗುವುದಿಲ್ಲ. ಡೀಲರ್‌ಗೆ ಮಾತ್ರ ಸಾಮಾನು ಹೋಗುವುದಿಲ್ಲ, ಜೊತೆಗೆ ಸಿಸ್ಟಂ ಆ ಸ್ಟಾಕನ್ನು ಸೊನ್ನೆ ಮಾಡಿಬಿಡಬಹುದು.

ಇದಕ್ಕೆ ‘ಶಾರ್ಟ್ ಕಡಿಮೆ ಮಾಡಿ’ ಅಂತ ಟಾರ್ಗೆಟ್ ಇಟ್ಟರೆ ಇನ್ನೂ ಕೆಡುತ್ತದೆ. ನಿಜವಾಗಿಯೂ ಬಿನ್ ಖಾಲಿ ಇದ್ದಾಗ ಪಿಕ್ಕರ್ ಅದನ್ನು ಹೇಳಲೇಬೇಕಲ್ವಾ? ಹೇಳಲು ಹೆದರಿದರೆ ಪಕ್ಕದ ಬಿನ್‌ನಿಂದ ಅದೇ ತರಹ ಕಾಣುವ ಬೇರೆ ಪಾರ್ಟ್ ಹಾಕಿ ಕಳಿಸುತ್ತಾನೆ. ನನ್ನ ಪ್ರಕಾರ ಸರಿಯಾದ ದಾರಿ ಹೀಗಿದೆ. ಪ್ರತಿ ಶಾರ್ಟ್ ಬಂದಾಗಲೂ ಅದೇ ಶಿಫ್ಟ್‌ನಲ್ಲಿ ಸ್ಟಾಕ್ ತಂಡದ ಬೇರೊಬ್ಬರು ಹೋಗಿ ಆ ಬಿನ್ ಎಣಿಸಬೇಕು. ಎಣಿಸುವವರ ಸ್ಕ್ರೀನ್‌ನಲ್ಲಿ ಸಿಸ್ಟಂನ ಅಂಕಿ ಕಾಣಬಾರದು. ಕಂಡರೆ ‘12 ಇದೆಯಾ, 12 ಇದೆ’ ಅಂತ ಒತ್ತಿ ಬರುತ್ತಾರೆ, ಮನುಷ್ಯ ಸ್ವಭಾವ.

ಬಿನ್‌ನಲ್ಲಿ ಸಾಮಾನು ಇತ್ತು ಅಂದರೆ ಅದು ಸುಳ್ಳು ಶಾರ್ಟ್, ಪಿಕ್ಕಿಂಗ್ ತಂಡದ ಲೆಕ್ಕ. ಇಲ್ಲದಿದ್ದರೆ ಅದು ನಿಜವಾದ ಶಾರ್ಟ್, ಪಿಕ್ಕರ್ ಸರಿಯಾಗೇ ಹೇಳಿದ್ದಾನೆ. ಸಾಮಾನು ಬೇರೆ ಬಿನ್‌ಗೆ ಹೋಗಿದ್ದು ಹೇಗೆ ಅನ್ನೋ ಪ್ರಶ್ನೆಯನ್ನು ಇನ್ವರ್ಡ್ ತಂಡಕ್ಕೆ ಕೇಳಿ. ಇನ್ವರ್ಡ್ ತಂಡಕ್ಕೂ ‘ಲಾರಿ ಬಂದ ಎಷ್ಟು ಗಂಟೆಗೆ ಮಾಲು ಒಳಗೆ ಸೇರಿತು’ ಅನ್ನೋ ಟಾರ್ಗೆಟ್ ಇರುತ್ತದೆ. ಅವರು ಬಿನ್ ಸ್ಕ್ಯಾನ್ ಮಾಡಿ ಡಬ್ಬವನ್ನು ನೆಲದ ಮೇಲೇ ಬಿಟ್ಟು ಹೋದರೆ ಅದು ಬಯಲಾಗುವುದು ಪಿಕ್ಕರ್‌ನ ನಿಜವಾದ ಶಾರ್ಟ್‌ನಲ್ಲೇ. ಒಂದು ತಂಡದ ಅಂಕಿ ಇನ್ನೊಂದು ತಂಡದ ಕೈಯಲ್ಲಿದ್ದಾಗ ಅದನ್ನು ತಿರುಚುವುದು ಕಷ್ಟ. ಆದರೆ ಎರಡೂ ತಂಡದವರು ಒಂದೇ ರೂಮಿನಲ್ಲಿ ಇರುವ ಗೆಳೆಯರಾದರೆ ಇದೂ ಕೆಲಸ ಮಾಡುವುದಿಲ್ಲ, ಅದು ನೆನಪಿರಲಿ.

ಇನ್ನು ತಪ್ಪುಗಳು. ಹೆಚ್ಚಿನ ಕಡೆ ಗ್ರಾಹಕರ ದೂರನ್ನೇ ತಪ್ಪಿನ ಲೆಕ್ಕ ಅಂತ ಹಿಡಿಯುತ್ತಾರೆ. ಕಡಿಮೆ ಬಂದರೆ ಡೀಲರ್ ಫೋನ್ ಮಾಡುತ್ತಾನೆ. ಎರಡು ಜಾಸ್ತಿ ಬಂದರೆ ಎಷ್ಟು ಜನ ಮಾಡುತ್ತಾರೆ? ಅನುಮಾನ ಇದ್ದಾಗ ಒಂದು ಜಾಸ್ತಿಯೇ ಹಾಕು ಅನ್ನೋ ಅಭ್ಯಾಸ ಇಲ್ಲಿಂದ ಹುಟ್ಟುತ್ತದೆ. ಅದಕ್ಕೆ ಪ್ಯಾಕ್ ಆದ ಡಬ್ಬಗಳಲ್ಲಿ ಕೆಲವನ್ನು ಟೇಪ್ ಹಚ್ಚುವ ಮೊದಲು ತೆಗೆದು ಎಣಿಸಿ. ಯಾವ ಡಬ್ಬ ಅಂತ ಸಿಸ್ಟಂ ಚೀಟಿ ಎತ್ತಿದ ಹಾಗೆ ಆರಿಸಲಿ, ಸೂಪರ್‌ವೈಸರ್ ಆರಿಸುವುದು ಬೇಡ.

ಇಲ್ಲಿ ಒಂದು ಗುಂಡಿ ಇದೆ. ತಂಡದ ನಿಜವಾದ ತಪ್ಪಿನ ಪ್ರಮಾಣ ಸಾವಿರ ಲೈನ್‌ಗೆ 3 ಅಂದುಕೊಳ್ಳಿ. ಒಬ್ಬೊಬ್ಬರದು ದಿನಕ್ಕೆ 20 ಲೈನ್ ಪರೀಕ್ಷಿಸಿದರೆ 25 ದಿನದ ತಿಂಗಳಲ್ಲಿ 500 ಲೈನ್ ಆಯಿತು. ಅದರಲ್ಲಿ ಸಿಗಬೇಕಾದದ್ದು ಸರಾಸರಿ ಒಂದೂವರೆ ತಪ್ಪು. ಎಲ್ಲರೂ ಒಂದೇ ಥರ ಕೆಲಸ ಮಾಡಿದರೂ ಸುಮ್ನೆ ಅದೃಷ್ಟದಿಂದಲೇ ಹೆಚ್ಚುಕಡಿಮೆ ಐದರಲ್ಲಿ ಒಬ್ಬನಿಗೆ ಸೊನ್ನೆ ತಪ್ಪು ಬರುತ್ತದೆ, ಇನ್ನೊಬ್ಬನಿಗೆ ಮೂರೋ ಅದಕ್ಕಿಂತ ಜಾಸ್ತಿಯೋ ಬರುತ್ತದೆ. ಸೊನ್ನೆ ಬಂದವನಿಗೆ ಬಹುಮಾನ, ಮೂರು ಬಂದವನಿಗೆ ಮೆಮೊ ಕೊಟ್ಟರೆ ನಾವು ಲಾಟರಿ ನಡೆಸುತ್ತಿದ್ದೇವೆ ಅಷ್ಟೇ. ಹಾಗಾಗಿ ತಿಂಗಳ ತಪ್ಪಿನ ಅಂಕಿ ಇಡೀ ಶಿಫ್ಟ್‌ನ ಹೆಸರಲ್ಲಿ ಇರಲಿ. ಒಬ್ಬೊಬ್ಬರ ಬಗ್ಗೆ ಮಾತಾಡಲು ಹಲವು ತಿಂಗಳ ಲೆಕ್ಕ ಕೂಡಿಸಿ.

ಅಂಕಿಗೆ ದುಡ್ಡನ್ನು ಹೇಗೆ ಜೋಡಿಸುತ್ತೀರಿ ಅನ್ನುವುದೂ ಮುಖ್ಯ. ‘ನೂರಕ್ಕೆ 99.5 ಲೈನ್ ಸರಿ ಇದ್ದರೆ ಪೂರ್ತಿ, 99.4ಕ್ಕೆ ಏನೂ ಇಲ್ಲ’ ಅಂದರೆ ತಿಂಗಳ ಕೊನೆಯ ವಾರ ಪರೀಕ್ಷೆ ಮಾಡುವವರ ಮೇಲೆ ಒತ್ತಡ ಬರುತ್ತದೆ, ‘ಇದನ್ನ ತಪ್ಪು ಅಂತ ಬರೀಬೇಡ ಮಾರಾಯ’ ಅಂತ. ಮೆಟ್ಟಿಲಿನ ಬದಲು ಇಳಿಜಾರು ಇಡಿ, ತಪ್ಪು ಸ್ವಲ್ಪ ಹೆಚ್ಚಾದರೆ ಸ್ವಲ್ಪ ಕಡಿಮೆ ಹಣ. ವೇಗದ ಹಣಕ್ಕೆ ಒಂದು ಮಿತಿ ಇರಲಿ, ಅದನ್ನು ದಾಟಿ ಓಡಿದರೆ ಏನೂ ಸಿಗಬಾರದು. ಪ್ಯಾಕಿಂಗ್‌ಗೆ ಮುಂಚೆ ಪಿಕ್ಕರ್ ತಾನೇ ಬಂದು ಹೇಳಿದ ತಪ್ಪನ್ನು ತಪ್ಪಿನ ಲೆಕ್ಕಕ್ಕೆ ಸೇರಿಸಬೇಡಿ.

ಆಟ ನಡೆಯುತ್ತಿದೆಯಾ ಅಂತ ತಿಳಿಯಲು ದೊಡ್ಡ ಸಾಫ್ಟ್‌ವೇರ್ ಏನೂ ಬೇಡ, ಸ್ಕ್ಯಾನ್ ಆದ ಸಮಯ ನೋಡಿ. ಮೂವತ್ತು ಮೀಟರ್ ದೂರದ ಎರಡು ಬಿನ್‌ಗಳ ನಡುವೆ ಎರಡೇ ಸೆಕೆಂಡ್ ಅಂತರ ಇದ್ದರೆ ಯಾರೋ ಬಿನ್ ಬಾರ್‌ಕೋಡ್‌ಗಳ ಫೋಟೋ ಹಾಳೆ ಮಾಡಿಟ್ಟುಕೊಂಡಿದ್ದಾರೆ. ಬೈಯುವ ಮುಂಚೆ ಯಾಕೆ ಅಂತ ಕೇಳಿ. ಎಷ್ಟೋ ಸಲ ರ‍್ಯಾಕ್ ಮೇಲಿನ ಸ್ಟಿಕ್ಕರ್ ಹರಿದು ಓದಲು ಬರದ ಸ್ಥಿತಿಯಲ್ಲಿರುತ್ತದೆ.

ಕೊನೆಗೆ ಒಂದು ಎಚ್ಚರಿಕೆ. ಈ ಬದಲಾವಣೆ ಮಾಡಿದ ಮೊದಲ ತಿಂಗಳು ಅಂಕಿ ಕೆಟ್ಟದಾಗಿ ಕಾಣುವ ಸಾಧ್ಯತೆಯೇ ಹೆಚ್ಚು. ದಾಖಲಾಗುವ ತಪ್ಪು ಜಾಸ್ತಿಯಾಗುತ್ತದೆ, ನಿಜವಾದ ಶಾರ್ಟ್ ಏರುತ್ತದೆ, ಲೈನ್ ಇಳಿಯುತ್ತದೆ. ಅದನ್ನು ಮೇಲಿನವರಿಗೆ ಮೊದಲೇ ಹೇಳಿಡಿ. ಆ ತಿಂಗಳ ಅಂಕಿಗೆ ಯಾರ ಹಣವನ್ನೂ ಕಟ್ಟಬೇಡಿ.