ಶೇಂಗಾ ಚಟ್ನಿಪುಡಿ ಎಷ್ಟು ದಿನ ಬಾಳುತ್ತದೆ? ಪೊಟ್ಟಣದ ಮೇಲೆ ತಾರೀಖು ಹಾಕುವ ಮುಂಚೆ

ಈ ಡಬ್ಬದಲ್ಲಿ ಒಂದಷ್ಟು ಪೊಟ್ಟಣಗಳಿವೆ ನೋಡಿ. ಎಲ್ಲವೂ ಒಂದೇ ದಿನ ಮಾಡಿದ ಶೇಂಗಾ ಚಟ್ನಿಪುಡಿ. ಇವು ಮಾರೋದಕ್ಕಲ್ಲ. ಹದಿನೈದು ದಿನಕ್ಕೊಂದು ಬಿಚ್ಚಿ, ಮೂಸಿ, ರುಚಿ ನೋಡಿ, ಪುಸ್ತಕದಲ್ಲಿ ಬರೆದಿಡೋದಕ್ಕೆ. ಇವತ್ತು ಒಂದನ್ನು ಬಿಚ್ಚುವ ದಿನ.

ಈ ಅಭ್ಯಾಸ ಹೇಗೆ ಬಂತು ಅಂತ ಮೊದಲು ಹೇಳ್ತೀನಿ. ಶುರುವಿನಲ್ಲಿ ನಾನು ಪೊಟ್ಟಣದ ಮೇಲೆ ಮೂರು ತಿಂಗಳು ಅಂತ ಬರೆದಿದ್ದೆ. ಅಂಗಡಿಯಲ್ಲಿ ಸಿಗುವ ಪುಡಿಗೆ ಅಷ್ಟೇ ಇತ್ತು, ನನ್ನದಕ್ಕೂ ಇರಲಿ ಅಂದುಕೊಂಡೆ. ಎರಡೂವರೆ ತಿಂಗಳಿಗೆ ಒಬ್ಬರು ಫೋನ್ ಮಾಡಿದರು. "ಅಕ್ಕಾ, ಪುಡಿ ಹಳೇ ಎಣ್ಣೆ ವಾಸನೆ ಬರ್ತಿದೆ" ಅಂದರು. ದುಡ್ಡು ವಾಪಸ್ ಕೊಟ್ಟೆ. ಆದರೆ ಅದೇ ದಿನ ಮಾಡಿದ ಪುಡಿ ಇನ್ನೂ ಯಾರ ಮನೆಗೆ ಹೋಗಿದೆ ಅಂತ ಹುಡುಕೋಕೆ ಹೋದರೆ, ನನ್ನ ಹತ್ತಿರ ಲೆಕ್ಕವೇ ಇರಲಿಲ್ಲ. ಪೊಟ್ಟಣದ ಮೇಲೆ ಬ್ಯಾಚ್ ನಂಬರ್ ಇರಲಿಲ್ಲ. ಆವತ್ತು ನಿಜವಾಗಿಯೂ ಹೆದರಿಕೆ ಆಯ್ತು.

ಶೇಂಗಾ ಪುಡಿ ಎರಡು ದಾರಿಯಲ್ಲಿ ಕೆಡುತ್ತದೆ. ಮೊದಲನೆಯದು ಕಮಟು. ಶೇಂಗಾದಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಎಣ್ಣೆಯೇ ಇರುತ್ತದೆ. ಹುರಿದು ಪುಡಿ ಮಾಡಿದ ಮೇಲೆ ಆ ಎಣ್ಣೆಗೆ ಗಾಳಿ ಸುಲಭವಾಗಿ ತಾಗುತ್ತದೆ. ಬೆಳಕು, ಬಿಸಿ ಸೇರಿದರೆ ಇನ್ನೂ ಬೇಗ ವಾಸನೆ ಬರುತ್ತದೆ. ಎರಡನೆಯದು ತೇವ. ನನ್ನ ಪುಡಿಯಲ್ಲಿ ಬೆಳ್ಳುಳ್ಳಿ, ಹುಣಸೆಹಣ್ಣು, ಚೂರು ಬೆಲ್ಲ ಇದೆ. ಹಸಿ ಬೆಳ್ಳುಳ್ಳಿಯ ತೂಕದಲ್ಲಿ ಅರ್ಧಕ್ಕಿಂತ ಜಾಸ್ತಿ ನೀರೇ. ಬೆಲ್ಲ, ಉಪ್ಪು ಗಾಳಿಯಿಂದಲೂ ತೇವ ಎಳೆದುಕೊಳ್ಳುತ್ತವೆ. ಮೊದಲು ಪುಡಿ ಗಂಟು ಕಟ್ಟುತ್ತದೆ, ಆಮೇಲೆ ಬೂಸ್ಟು. ಬೂಸ್ಟು ಕಂಡರೆ ರುಚಿ ನೋಡೋದೇ ಬೇಡ, ಇಡೀ ಬ್ಯಾಚ್ ಎಸೆಯಬೇಕು. ಶೇಂಗಾಗೆ ಹಿಡಿಯುವ ಕೆಲವು ಬೂಸ್ಟು ಅಫ್ಲಟಾಕ್ಸಿನ್ ಅನ್ನುವ ವಿಷ ಬಿಡುತ್ತವೆ. ಹುರಿದರೂ ಅದು ಪೂರ್ತಿ ಹೋಗುವುದಿಲ್ಲ. ಅದಕ್ಕೇ ಹುರಿಯುವ ಮುಂಚೆ ಸುಕ್ಕಿದ, ಬಣ್ಣ ಕೆಟ್ಟ ಬೀಜಗಳನ್ನು ಕೂತು ಆರಿಸುತ್ತೇನೆ.

ಹಾಗಾಗಿ ಬೆಳ್ಳುಳ್ಳಿಯನ್ನು ಹೆಚ್ಚಿ, ಗರಿಗರಿ ಆಗುವವರೆಗೆ ಸಣ್ಣ ಉರಿಯಲ್ಲಿ ಹುರಿಯುತ್ತೇನೆ. ಹುಣಸೆಯನ್ನೂ ಬೆಚ್ಚಗೆ ಮಾಡಿ ಒಣಗಿಸುತ್ತೇನೆ. ಪುಡಿ ಪೂರ್ತಿ ಆರದೆ ಪೊಟ್ಟಣಕ್ಕೆ ಹಾಕುವುದಿಲ್ಲ. ಬೆಚ್ಚಗಿದ್ದಾಗ ಸೀಲ್ ಮಾಡಿದರೆ ಒಳಗಿನ ಹಬೆ ತಣ್ಣಗಾಗಿ ನೀರಿನ ಹನಿ ಆಗುತ್ತದೆ. ಬೂಸ್ಟು ಅಲ್ಲಿಂದಲೇ ಶುರು. ಇನ್ನೊಂದು ವಿಷಯ, ಸೀಲ್ ಹಾಕುವ ಅಂಚಿನಲ್ಲಿ ಪುಡಿ ಕೂತಿದ್ದರೆ ಅಲ್ಲಿ ಸಣ್ಣ ಸಂದಿ ಉಳಿಯುತ್ತದೆ, ಕಣ್ಣಿಗೆ ಕಾಣುವುದಿಲ್ಲ. ಪ್ರತಿ ಬ್ಯಾಚಿನಲ್ಲಿ ಒಂದು ಪೊಟ್ಟಣವನ್ನು ಹೀಗೆ ನೀರಿನಲ್ಲಿ ಮುಳುಗಿಸಿ ಒತ್ತಿ ನೋಡಿ. ಗುಳ್ಳೆ ಬಂದರೆ ಸೀಲ್ ಸರಿಯಿಲ್ಲ.

ಈಗ ತಾರೀಖಿನ ಲೆಕ್ಕ. ಪರೀಕ್ಷೆಯ ಪೊಟ್ಟಣಗಳಲ್ಲಿ ಅರ್ಧ ಅಡುಗೆಮನೆ ಕಪಾಟಿನಲ್ಲಿ, ಅರ್ಧ ಮೇಲೆ ಸೆಕೆ ಹೊಡೆಯುವ ಅಟ್ಟದಲ್ಲಿ ಇಟ್ಟೆ. ಕೊರಿಯರ್ ಗಾಡಿಯೊಳಗೆ ಬಿಸಿಲಿನ ದಿನ ಹೇಗಿರುತ್ತೋ ಹಾಗೆ ಇರಲಿ ಅಂತ ಅಟ್ಟ. ಕಪಾಟಿನ ಪೊಟ್ಟಣದ ವಾಸನೆ ಬದಲಾಗಿದ್ದು 105ನೇ ದಿನಕ್ಕೆ. ಅಟ್ಟದ್ದು 60ನೇ ದಿನ ಚೆನ್ನಾಗೇ ಇತ್ತು, 75ನೇ ದಿನ ಬಿಚ್ಚಿದರೆ ಕಮಟು. ನಾನು ಅಟ್ಟದ ಲೆಕ್ಕವನ್ನೇ ನಂಬಿದೆ. ಲೇಬಲ್ ಮೇಲೆ 60 ದಿನ. ಮೂಗು, ನಾಲಿಗೆ ಕಮಟನ್ನು ಹಿಡಿಯುತ್ತವೆ, ಕಣ್ಣಿಗೆ ಕಾಣದ ಸೂಕ್ಷ್ಮಜೀವಿಗಳನ್ನಲ್ಲ. ಆದ್ದರಿಂದ ಒಂದು ಬ್ಯಾಚನ್ನು ಎನ್‌ಎಬಿಎಲ್ ಮಾನ್ಯತೆ ಇರುವ ಲ್ಯಾಬಿಗೂ ಕಳಿಸಿದೆ. ತೇವಾಂಶ, ಎಣ್ಣೆಯ ಕಮಟು, ಬೂಸ್ಟು, ಅಫ್ಲಟಾಕ್ಸಿನ್, ಈ ನಾಲ್ಕನ್ನೂ ಕೇಳಿ ಮಾಡಿಸಿ. 100 ಗ್ರಾಂನಲ್ಲಿ ಎಷ್ಟು ಪ್ರೋಟೀನ್, ಎಷ್ಟು ಕೊಬ್ಬು ಅನ್ನುವ ಲೇಬಲ್ ಪಟ್ಟಿಯನ್ನೂ ಅಲ್ಲೇ ಮಾಡಿಸಿಕೊಂಡೆ.

60 ದಿನ ಅಂತ ಬರೆದ ಮಾತ್ರಕ್ಕೆ 59ನೇ ದಿನ ಮಾರಬಹುದು ಅಂತಲ್ಲ. 2024ರ ನವೆಂಬರಿನಲ್ಲಿ ದೇಶದ ಆಹಾರ ಸುರಕ್ಷತಾ ಪ್ರಾಧಿಕಾರವಾದ ಎಫ್‌ಎಸ್‌ಎಸ್‌ಎಐ ಆನ್‌ಲೈನ್ ಮಾರಾಟದ ಕಂಪನಿಗಳಿಗೆ ಒಂದು ಮಾತು ಹೇಳಿತು. ಗ್ರಾಹಕರ ಕೈಗೆ ಸಿಗುವಾಗ ಬಾಳಿಕೆಯ ಶೇಕಡ 30 ಅಥವಾ 45 ದಿನ ಉಳಿದಿರಬೇಕು ಅಂತ. 60 ದಿನದಲ್ಲಿ ಶೇಕಡ 30 ಅಂದರೆ 18 ದಿನ. ಅಂದರೆ ಮಾಡಿದ 42ನೇ ದಿನದೊಳಗೆ ಪೊಟ್ಟಣ ಅವರ ಮನೆ ಸೇರಿರಬೇಕು. ಕೊರಿಯರಿಗೆ ಆರು ದಿನ ಬಿಡಿ. 36ನೇ ದಿನದ ಮೇಲೆ ನಾನು ಆ ಬ್ಯಾಚಿನಿಂದ ಕಳಿಸುವುದಿಲ್ಲ. ಇದರಿಂದ ಒಂದು ಒಳ್ಳೆಯದಾಯ್ತು. ದೊಡ್ಡ ಬ್ಯಾಚ್ ಮಾಡುವ ಆಸೆ ಬಿಟ್ಟು, ಐದು ವಾರದಲ್ಲಿ ಖರ್ಚಾಗುವಷ್ಟೇ ಮಾಡುತ್ತೇನೆ.

ಲೇಬಲ್ ಹತ್ತಿರ ತೋರಿಸ್ತೀನಿ. ಇಲ್ಲಿ ಬ್ಯಾಚ್ ನಂಬರ್, ಮಾಡಿದ ತಾರೀಖು, ಎಕ್ಸ್‌ಪೈರಿ ತಾರೀಖು. ಸುಮ್ನೆ "ಬೆಸ್ಟ್ ಬಿಫೋರ್" ಒಂದನ್ನೇ ಹಾಕಿದರೆ ಸಾಲದು. ಎಕ್ಸ್‌ಪೈರಿ ಅಥವಾ ಯೂಸ್ ಬೈ ತಾರೀಖು ಇರಲೇಬೇಕು. ಪದಾರ್ಥಗಳನ್ನು ತೂಕದ ಪ್ರಕಾರ, ಜಾಸ್ತಿ ಇರುವುದು ಮೊದಲು ಬರೆಯಬೇಕು. ನನ್ನದರಲ್ಲಿ ಶೇಂಗಾ ಒಂದು ಕಿಲೋ, ಬೆಳ್ಳುಳ್ಳಿ 150 ಗ್ರಾಂ, ಒಣಮೆಣಸಿನಕಾಯಿ 100 ಗ್ರಾಂ. ಅದೇ ಸಾಲು. ಕೆಳಗೆ ಬೇರೆಯಾಗಿ "ಶೇಂಗಾ ಇದೆ" ಅನ್ನುವ ಅಲರ್ಜಿ ಸೂಚನೆ. ಹೆಸರಲ್ಲೇ ಶೇಂಗಾ ಇದೆಯಲ್ಲ ಅಂತ ಬಿಡಬೇಡಿ. ಅಲರ್ಜಿ ಇರುವ ಮಗುವಿನ ತಾಯಿ ಮೊದಲು ಹುಡುಕುವುದೇ ಆ ಸಾಲನ್ನು.

ಇನ್ನೊಂದು ಮುಖ್ಯ ವಿಷಯ. ಲೇಬಲ್ ಬರೀ ಕನ್ನಡದಲ್ಲಿದ್ದರೆ ನಡೆಯುವುದಿಲ್ಲ. ಕಡ್ಡಾಯ ವಿವರಗಳು ಇಂಗ್ಲಿಷಿನಲ್ಲೋ ದೇವನಾಗರಿ ಲಿಪಿಯ ಹಿಂದಿಯಲ್ಲೋ ಇರಬೇಕು. ಅದರ ಜೊತೆಗೆ ಕನ್ನಡ ಹಾಕಬಹುದು. ನಾನು ಎರಡರಲ್ಲೂ ಹಾಕಿದ್ದೀನಿ. ಮತ್ತೆ ಹಸಿರು ಚೌಕದೊಳಗೆ ಹಸಿರು ಚುಕ್ಕೆ, ನಿವ್ವಳ ತೂಕ, ಎಂಆರ್‌ಪಿ, ನನ್ನ ವಿಳಾಸ, ದೂರು ಹೇಳಲು ಫೋನ್ ನಂಬರ್. ಸಕ್ಕರೆ ಕಾಯಿಲೆಗೆ ಮದ್ದು, ಹೃದಯಕ್ಕೆ ಒಳ್ಳೇದು ಅಂತ ಏನನ್ನೂ ಬರೆದಿಲ್ಲ. ಅದನ್ನು ಬರೆಯೋದು ನಿಯಮಕ್ಕೂ ವಿರುದ್ಧ, ತಿನ್ನುವವರಿಗೂ ಮೋಸ.

ಇದೇ ವಿವರಗಳು ಆನ್‌ಲೈನ್ ಪುಟದಲ್ಲೂ ಕೊಳ್ಳುವ ಮುಂಚೆಯೇ ಕಾಣಬೇಕು. ಬ್ಯಾಚ್ ನಂಬರ್ ಮತ್ತು ತಾರೀಖುಗಳಿಗೆ ಮಾತ್ರ ಅಲ್ಲಿ ವಿನಾಯಿತಿ ಇದೆ, ಅವು ಪ್ರತಿ ಸಲ ಬದಲಾಗುತ್ತವೆ ಅಲ್ವಾ. ಲೇಬಲ್‌ನ ಸ್ಪಷ್ಟ ಫೋಟೋವನ್ನೂ ಹಾಕಿ.

ಈ ಹದಿನಾಲ್ಕು ಅಂಕಿಯ ನಂಬರ್ ಎಫ್‌ಎಸ್‌ಎಸ್‌ಎಐ ನೋಂದಣಿಯದು. ಚಿಕ್ಕ ವಹಿವಾಟಿಗೆ ನೋಂದಣಿ, ದೊಡ್ಡದಾದರೆ ಲೈಸೆನ್ಸ್. ಎರಡಕ್ಕೂ ಅರ್ಜಿ foscos.fssai.gov.in ನಲ್ಲಿ. ಫೋಟೋ, ಗುರುತಿನ ಚೀಟಿ, ಅಡುಗೆ ಮಾಡುವ ಜಾಗದ ವಿಳಾಸದ ದಾಖಲೆ ಮೊದಲೇ ಸ್ಕ್ಯಾನ್ ಮಾಡಿಟ್ಟುಕೊಳ್ಳಿ. ಆ ನಂಬರ್ ಸಿಗುವುದು ಅಡುಗೆ ಮಾಡುವ ಜಾಗಕ್ಕೆ. ಮನೆ ಬದಲಾಯಿಸಿದರೆ ಹಳೇ ನಂಬರ್ ಹಾಗೇ ಹಾಕಿಕೊಂಡು ಹೋಗುವಂತಿಲ್ಲ. ಪುಡಿ ಜೊತೆಗೆ ಉಪ್ಪಿನಕಾಯಿ ಶುರು ಮಾಡಿದರೆ ಅದನ್ನೂ ಸೇರಿಸಬೇಕು. ಅದರ ಬಾಳಿಕೆ ಲೆಕ್ಕವೂ ಬೇರೆ. ಪುಡಿಯ 60 ದಿನವನ್ನು ಅದಕ್ಕೆ ಅಂಟಿಸಬೇಡಿ.

ಸರಿ, ಈಗ ಇವತ್ತಿನ ಪೊಟ್ಟಣ. ಹೊಸ ಕಡೆಯಿಂದ ತಂದ ಶೇಂಗಾ ಬ್ಯಾಚು, ಅಟ್ಟದಲ್ಲಿಟ್ಟಿದ್ದು, 45ನೇ ದಿನ. ಗಂಟು ಇಲ್ಲ. ಬಣ್ಣ ಸರಿ ಇದೆ. ವಾಸನೆ… ಹುರಿದ ಘಮ ಸ್ವಲ್ಪ ಕಡಿಮೆ ಆಗಿದೆ, ಹಿಂದೆ ಚೂರು ಎಣ್ಣೆ ವಾಸನೆ ಇದೆ. ಹಳೇ ಶೇಂಗಾದಲ್ಲಿ ಈ ಹೊತ್ತಿಗೆ ಹೀಗೆ ಇರಲಿಲ್ಲ. ಈ ಬ್ಯಾಚಿನ ಮಾರಾಟ 36ನೇ ದಿನಕ್ಕೇ ನಿಂತಿದೆ, ಆದರೆ ಮೊದಲೇ ತೆಗೆದುಕೊಂಡವರ ಮನೆಯಲ್ಲಿ ಇನ್ನೂ ಇರಬಹುದು. ತೆಗೆದುಕೊಂಡವರ ಪಟ್ಟಿ ಬ್ಯಾಚ್ ನಂಬರ್ ಪ್ರಕಾರ ಇಲ್ಲೇ ಪುಸ್ತಕದಲ್ಲಿದೆ, ಒಟ್ಟು ಹದಿಮೂರು ಮನೆ. ಸಂಜೆ ಕೂತು ಒಬ್ಬೊಬ್ಬರಿಗೂ ಫೋನ್ ಮಾಡ್ತೀನಿ.